ಟೆಸ್ಟ್ ಡ್ಯೂಟಿ ಹಂಚಲು ಯಾವ ದಾರಿ ಸರಿ? ಕ್ಲಾಸೂ ತಪ್ಪಬಾರದು, ಒಬ್ಬರಿಗೇ ಜಾಸ್ತಿಯೂ ಬೀಳಬಾರದು

ಸರದಿ ಪ್ರಕಾರ ಹಾಕೋದಾ, ಅವತ್ತು ಯಾರು ಫ್ರೀ ಇದ್ದಾರೋ ಅವರನ್ನು ಹಾಕೋದಾ, ಇಲ್ಲಾ ಕ್ಲಾಸೇ ನಿಲ್ಲಿಸಿಬಿಡೋದಾ? ಟೆಸ್ಟ್ ಕಮಿಟಿ ತಲೆಗೆ ಬಂದ ಉಪನ್ಯಾಸಕರೆಲ್ಲ ಕೇಳುವ ಪ್ರಶ್ನೆ ಇದು. ಯಾವ ದಾರಿಯಲ್ಲಿ ಹೋದರೂ ಯಾರೋ ಒಬ್ಬರು ಚಾರ್ಟ್ ಮುಂದೆ ನಿಂತು "ನನಗೆ ಮಾತ್ರ ಯಾಕೆ ನಾಲ್ಕು?" ಅಂತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಒಂದೇ ಕಾಲೇಜು, ಒಂದೇ ವಾರ ಇಟ್ಟುಕೊಂಡು ಎಲ್ಲ ದಾರಿಗಳನ್ನೂ ಅದರ ಮೇಲೆ ಓಡಿಸಿ ನೋಡೋಣ. ಬೋರ್ಡ್ ಪರೀಕ್ಷೆಯ ಡ್ಯೂಟಿ ಬೇರೆ ವ್ಯವಸ್ಥೆ, ಅದು ಇಲ್ಲಿಲ್ಲ. ಇದು ಕಾಲೇಜಿನೊಳಗೇ ನಡೆಯುವ ಟೆಸ್ಟ್ ಬಗ್ಗೆ: ಸೆಕೆಂಡ್ ಪಿಯುಗೆ ಟೆಸ್ಟ್ ನಡೀತಿರುವಾಗ ಫಸ್ಟ್ ಪಿಯುಗೆ ಪಾಠ ನಡೀತಿರುತ್ತದಲ್ಲ, ಆ ವಾರ.

ಮೊದಲು ಅಳತೆಗೋಲು

ನನ್ನ ಲೆಕ್ಕದಲ್ಲಿ ನಾಲ್ಕು ಸಂಗತಿ ನೋಡಬೇಕು. ಪಾಠ ಇರುವ ಪೀರಿಯಡ್‌ನಲ್ಲಿ ಆ ಉಪನ್ಯಾಸಕರಿಗೆ ಡ್ಯೂಟಿ ಬೀಳಬಾರದು. ತಮ್ಮದೇ ವಿಷಯದ ಟೆಸ್ಟ್ ದಿನ ಅವರನ್ನು ಒಂದು ಕೋಣೆಗೆ ಕಟ್ಟಿಹಾಕಬಾರದು, ಯಾಕೆಂದರೆ ಪ್ರಶ್ನೆಪತ್ರಿಕೆಯಲ್ಲಿ ತಪ್ಪಿದ್ದರೆ ಎಲ್ಲ ಕೋಣೆಗೂ ಹೋಗಿ ಹೇಳಬೇಕಾದವರು ಅವರೇ. ಅತಿ ಹೆಚ್ಚು ಡ್ಯೂಟಿ ಮಾಡಿದವರಿಗೂ ಅತಿ ಕಡಿಮೆ ಮಾಡಿದವರಿಗೂ ಒಂದಕ್ಕಿಂತ ಹೆಚ್ಚು ಅಂತರ ಇರಬಾರದು. ನಾಲ್ಕನೆಯದು ನಮ್ಮ ಕಡೆಯದು. ಆಗಸ್ಟ್‌ನಲ್ಲಿ ಟೆಸ್ಟ್ ಇಟ್ಟರೆ ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಮಳೆ ರಜೆ ಬರುವುದು ಹೊಸದೇನಲ್ಲ. ಒಂದು ದಿನ ಹೋದರೆ ಇಡೀ ಚಾರ್ಟ್ ಹರಿದು ಮತ್ತೆ ಬರೆಯುವ ಹಾಗಾದರೆ ಆ ದಾರಿ ಇಲ್ಲಿಗೆ ಆಗಿಬರುವುದಿಲ್ಲ.

ಖರ್ಚಿನ ಮಾತು ಇಲ್ಲಿ ಬರುವುದಿಲ್ಲ. ಇಲ್ಲಿ ಹೇಳುವ ದಾರಿಗಳಲ್ಲಿ ಯಾವುದಕ್ಕೂ ದುಡ್ಡು ಬೇಕಿಲ್ಲ, ಬೇಕಾಗುವುದು ಒಬ್ಬರ ಸಮಯ.

ಉದಾಹರಣೆಯ ಕಾಲೇಜು

ಹೊಸನಗರ ತಾಲ್ಲೂಕಿನ ಒಳಗೆಲ್ಲೋ ಒಂದು ಸಣ್ಣ ಪಿಯು ಕಾಲೇಜು ಅಂದುಕೊಳ್ಳಿ. ಕಲಾ ವಿಭಾಗದಲ್ಲಿ ಹೆಚ್‌ಇಪಿಎಸ್, ವಾಣಿಜ್ಯದಲ್ಲಿ ಹೆಚ್‌ಇಬಿಎ. ಎಂಟು ಜನ ಉಪನ್ಯಾಸಕರು: ಕನ್ನಡ, ಇಂಗ್ಲಿಷ್, ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ, ಬಿಸಿನೆಸ್ ಸ್ಟಡೀಸ್, ಅಕೌಂಟ್ಸ್. ಸೋಮವಾರದಿಂದ ಶನಿವಾರದವರೆಗೆ ಸೆಕೆಂಡ್ ಪಿಯು ಟೆಸ್ಟ್. ದಿನವೂ 10ಕ್ಕೆ ಶುರು, ಒಂದೂವರೆ ಗಂಟೆ. ಉತ್ತರಪತ್ರಿಕೆ ಎಣಿಸಿ ಒಪ್ಪಿಸುವಷ್ಟರಲ್ಲಿ 12 ಆಗುತ್ತದೆ, ಅಂದರೆ ಮೊದಲ ಎರಡು ಪೀರಿಯಡ್ ಹೋಯಿತು. ಇದು ಮುಖ್ಯ. ಎರಡರಲ್ಲಿ ಒಂದು ಪೀರಿಯಡ್ ಪಾಠ ಇದ್ದರೂ ಆ ಮನುಷ್ಯ ಅವತ್ತು ಡ್ಯೂಟಿಗೆ ಸಿಗುವುದಿಲ್ಲ.

ಮೂರು ಕೋಣೆ, ಆರು ದಿನ, ಒಟ್ಟು 18 ಡ್ಯೂಟಿ. ಎಂಟು ಜನಕ್ಕೆ ಹಂಚಿದರೆ ಆರು ಜನಕ್ಕೆ ಎರಡೆರಡು, ಇಬ್ಬರಿಗೆ ಮೂರು ಮೂರು. ಇದಕ್ಕಿಂತ ಸಮ ಆಗಲು ಸಾಧ್ಯವೇ ಇಲ್ಲ. ಈ ಗುರಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಇನ್ನು ಫಸ್ಟ್ ಪಿಯು ಟೈಂಟೇಬಲ್ ನೋಡಿ, ಪಾಠ ಇದ್ದವರನ್ನೂ ಅವತ್ತಿನ ವಿಷಯದವರನ್ನೂ ತೆಗೆದರೆ ಡ್ಯೂಟಿಗೆ ಸಿಗುವವರು ಇಷ್ಟು:

ಸೋಮವಾರ (ಕನ್ನಡ ಟೆಸ್ಟ್): ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ, ಬಿಸಿನೆಸ್ ಸ್ಟಡೀಸ್
ಮಂಗಳವಾರ (ಇಂಗ್ಲಿಷ್): ಹಿಸ್ಟರಿ, ಎಕನಾಮಿಕ್ಸ್, ಸೋಷಿಯಾಲಜಿ, ಬಿಸಿನೆಸ್ ಸ್ಟಡೀಸ್, ಅಕೌಂಟ್ಸ್
ಬುಧವಾರ (ಹಿಸ್ಟರಿ): ಕನ್ನಡ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಅಕೌಂಟ್ಸ್
ಗುರುವಾರ (ಎಕನಾಮಿಕ್ಸ್): ಹಿಸ್ಟರಿ, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ, ಬಿಸಿನೆಸ್ ಸ್ಟಡೀಸ್
ಶುಕ್ರವಾರ (ಪೊಲಿಟಿಕಲ್ ಸೈನ್ಸ್, ಬಿಸಿನೆಸ್ ಸ್ಟಡೀಸ್): ಕನ್ನಡ, ಇಂಗ್ಲಿಷ್, ಸೋಷಿಯಾಲಜಿ, ಅಕೌಂಟ್ಸ್
ಶನಿವಾರ (ಸೋಷಿಯಾಲಜಿ, ಅಕೌಂಟ್ಸ್): ಇಂಗ್ಲಿಷ್, ಪೊಲಿಟಿಕಲ್ ಸೈನ್ಸ್, ಬಿಸಿನೆಸ್ ಸ್ಟಡೀಸ್

ಯಾವ ದಾರಿ ಹಿಡಿದರೂ ಈ ಪಟ್ಟಿ ಮಾಡದೆ ಶುರು ಮಾಡಬೇಡಿ. ಇದರಲ್ಲೇ ಅರ್ಧ ಉತ್ತರ ಕಾಣಿಸುತ್ತದೆ. ಶನಿವಾರ ಮೂರೇ ಜನ, ಮೂರೇ ಕೋಣೆ. ಅಲ್ಲಿ ಆಯ್ಕೆ ಅನ್ನೋದೇ ಇಲ್ಲ. ಕನ್ನಡದವರು, ಇಂಗ್ಲಿಷಿನವರು ಇಡೀ ವಾರದಲ್ಲಿ ಎರಡೆರಡು ದಿನ ಮಾತ್ರ ಸಿಗುತ್ತಾರೆ, ಹಾಗಾಗಿ ಅವರಿಗೆ ಮೂರನೆಯದು ಕೊಡಲು ಆಗುವುದೇ ಇಲ್ಲ. ಯಾವುದಾದರೂ ದಿನ ಸಿಗುವವರ ಸಂಖ್ಯೆ ಕೋಣೆಗಿಂತ ಕಡಿಮೆ ಬಂದರೆ ಚಾರ್ಟ್ ಬರೆಯುವ ಮೊದಲೇ ಪೀರಿಯಡ್ ಅದಲುಬದಲು ಮಾಡಬೇಕು. ಬರೆದ ಮೇಲೆ ಗೊತ್ತಾದರೆ ತಡವಾಯಿತು.

ದಾರಿ ಒಂದು: ಸರದಿ

ಹಾಜರಿ ಪುಸ್ತಕದ ಕ್ರಮದಲ್ಲಿ ಮೂರು ಮೂರು ಜನರನ್ನು ಹಾಕುತ್ತಾ ಹೋಗುವುದು. ತುಂಬಾ ಕಡೆ ಇದೇ ನಡೆಯುತ್ತದೆ, ಹತ್ತು ನಿಮಿಷದ ಕೆಲಸ. ನಮ್ಮ ಉದಾಹರಣೆಯಲ್ಲಿ ಸಂಖ್ಯೆ ಪಕ್ಕಾ ಸಮ ಬರುತ್ತದೆ: ಕನ್ನಡ, ಇಂಗ್ಲಿಷ್‌ಗೆ ಮೂರು, ಉಳಿದವರಿಗೆ ಎರಡು. ಕಾಗದದ ಮೇಲೆ ಚೆಂದ.

ಆದರೆ ಟೈಂಟೇಬಲ್ ಪಕ್ಕದಲ್ಲಿಟ್ಟು ನೋಡಿ. ಸೋಮವಾರ ಕನ್ನಡ, ಇಂಗ್ಲಿಷ್, ಹಿಸ್ಟರಿ. ಕನ್ನಡದವರಿಗೆ ಅವತ್ತು ಪಾಠವೂ ಇದೆ, ಟೆಸ್ಟೂ ಅವರದೇ. ಇಂಗ್ಲಿಷಿನವರಿಗೆ ಎರಡೂ ಪೀರಿಯಡ್ ಪಾಠ. ಹೀಗೇ ಕೊನೆಯವರೆಗೆ ಎಣಿಸಿದರೆ 18ರಲ್ಲಿ 10 ಡ್ಯೂಟಿ ತಪ್ಪು ಜಾಗಕ್ಕೆ ಬಿದ್ದಿವೆ: ಆರು ಪಾಠದ ಮೇಲೆ, ನಾಲ್ಕು ಬರೀ ಸ್ವಂತ ವಿಷಯದ ದಿನ ಅಂತ. ಫಸ್ಟ್ ಪಿಯು ಮಕ್ಕಳಿಗೆ ಎಂಟು ಪೀರಿಯಡ್ ಹೋಗುತ್ತದೆ. ಆಮೇಲೆ ಏನಾಗುತ್ತದೆ ಗೊತ್ತಲ್ಲ, ಬೆಳಗ್ಗೆ ಸ್ಟಾಫ್ ರೂಮಿನಲ್ಲಿ "ನೀವು ನನ್ನ ಬದಲು ನಿಂತುಕೊಳ್ಳಿ" ಅಂತ ಬಾಯಿಮಾತಿನ ಬದಲಾವಣೆ ಶುರು. ಅದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಯಾರು ಒಪ್ಪಿಕೊಳ್ಳುವ ಸ್ವಭಾವದವರೋ ಅವರ ಮೇಲೇ ಹೊರೆ ಬೀಳುತ್ತದೆ. ಹಾಗಾಗಿ ಸರದಿಯ ಸಮಾನತೆ ಚಾರ್ಟಿನಲ್ಲಷ್ಟೇ ಉಳಿಯುತ್ತದೆ, ನಿಜವಾಗಿ ನಿಂತವರ ಲೆಕ್ಕ ಬೇರೆಯೇ ಇರುತ್ತದೆ.

ಸರದಿ ಸರಿಹೋಗುವುದು ಒಂದೇ ಸಂದರ್ಭದಲ್ಲಿ: ಇಡೀ ಕಾಲೇಜಿಗೆ ಒಟ್ಟಿಗೆ ಪರೀಕ್ಷೆ ಇದ್ದು, ಪಾಠ ಅನ್ನೋದೇ ಇಲ್ಲದಿದ್ದಾಗ.

ದಾರಿ ಎರಡು: ಪಾಠ ನಿಲ್ಲಿಸುವುದು

ಕೆಲವರು ಇದನ್ನೇ ಮಾಡುತ್ತಾರೆ. ಟೆಸ್ಟ್ ಮುಗಿಯುವವರೆಗೆ ಫಸ್ಟ್ ಪಿಯು ಮಕ್ಕಳು 12ಕ್ಕೆ ಬಂದರೆ ಸಾಕು. ಪಾಠದ ತಡೆ ಹೋಗಿ ಸ್ವಂತ ವಿಷಯದ್ದು ಮಾತ್ರ ಉಳಿಯುತ್ತದೆ, ಸಮ ಹಂಚುವುದು ಸುಲಭ. ಬೆಲೆ ಎಷ್ಟು? ಎರಡು ವಿಭಾಗ, ದಿನಕ್ಕೆ ಎರಡು ಪೀರಿಯಡ್, ಆರು ದಿನ: 24 ಪೀರಿಯಡ್. ಮಳೆ ರಜೆಯಲ್ಲಿ ಹೋದ ಪಾಠವನ್ನೇ ಭಾನುವಾರ ಕೂರಿಸಿ ಮುಗಿಸುವ ಪರಿಸ್ಥಿತಿಯಲ್ಲಿ ಇದು ದೊಡ್ಡ ಮೊತ್ತ. ಇನ್ನೊಂದು ವಿಷಯ, ಒಳಹಳ್ಳಿಯಿಂದ ಬರುವ ಮಕ್ಕಳಿಗೆ ಬೆಳಗಿನ ಒಂದೇ ಬಸ್ಸು. ಅವರು ಹೇಗೂ 9:30ಕ್ಕೇ ಬಂದು ಜಗಲಿಯಲ್ಲಿ ಕೂತಿರುತ್ತಾರೆ. ನಾನಂತೂ ಇದನ್ನು ಒಪ್ಪುವುದಿಲ್ಲ. ಕೋಣೆಗಿಂತ ಜನ ಕಡಿಮೆ ಇರುವ ಒಂದೆರಡು ದಿನಕ್ಕೆ ಮಾತ್ರ, ಅದೂ ಒಂದು ಪೀರಿಯಡ್ ಮಟ್ಟಿಗೆ ಆಗಬಹುದು.

ದಾರಿ ಮೂರು: ಅವತ್ತು ಫ್ರೀ ಇದ್ದವರು

ಸೋಮವಾರ ಬಂತು, ಫ್ರೀ ಇರುವವರಲ್ಲಿ ಪಟ್ಟಿಯ ಮೇಲಿನ ಮೂವರನ್ನು ಹಾಕಿದಿರಿ. ಮಂಗಳವಾರ ಹಾಗೇ. ಪಾಠ ಒಂದೂ ತಪ್ಪುವುದಿಲ್ಲ, ಸ್ವಂತ ವಿಷಯದ ತೊಂದರೆಯೂ ಇಲ್ಲ. ಮೊದಲ ಎರಡು ಅಳತೆಯಲ್ಲಿ ಪೂರ್ತಿ ಪಾಸ್. ಅದಕ್ಕೇ ಇದು ನ್ಯಾಯವಾದ ದಾರಿ ಅಂತ ಅನಿಸುತ್ತದೆ.

ವಾರದ ಕೊನೆಗೆ ಲೆಕ್ಕ ನೋಡಿ. ಪೊಲಿಟಿಕಲ್ ಸೈನ್ಸ್‌ಗೆ ನಾಲ್ಕು. ಹಿಸ್ಟರಿ, ಎಕನಾಮಿಕ್ಸ್, ಸೋಷಿಯಾಲಜಿಗೆ ಮೂರು. ಕನ್ನಡ, ಇಂಗ್ಲಿಷ್‌ಗೆ ಎರಡು. ಬಿಸಿನೆಸ್ ಸ್ಟಡೀಸ್‌ಗೆ ಒಂದು. ಅಕೌಂಟ್ಸ್‌ಗೆ ಸೊನ್ನೆ.

ಯಾರೂ ಬೇಕಂತ ಮಾಡಿದ್ದಲ್ಲ. ಪಟ್ಟಿಯಲ್ಲಿ ಅಕೌಂಟ್ಸ್ ಕೊನೆಗಿತ್ತು, ಅಷ್ಟೇ. ಇನ್ನೊಂದು ಕಾರಣ ಅದಕ್ಕಿಂತ ಮುಖ್ಯ. ಶನಿವಾರ ಪೊಲಿಟಿಕಲ್ ಸೈನ್ಸ್‌ನವರು ಬರಲೇಬೇಕು, ಬೇರೆ ಜನವೇ ಇಲ್ಲ. ಇದು ಸೋಮವಾರವೇ ಗೊತ್ತಿತ್ತು, ಆದರೆ ಸೋಮವಾರದ ಚಾರ್ಟ್ ಬರೆದವರು ಶನಿವಾರವನ್ನು ನೋಡಲಿಲ್ಲ. ಸೋಮವಾರ ಐದು ಜನ ಇದ್ದಾಗಲೂ ಅವರನ್ನೇ ಖರ್ಚು ಮಾಡಿದರು. ದಿನದಿಂದ ದಿನಕ್ಕೆ ಹಂಚುವ ಎಲ್ಲ ಕ್ರಮಕ್ಕೂ ಇದೇ ರೋಗ.

ದಾರಿ ನಾಲ್ಕು: ಇಕ್ಕಟ್ಟಿನ ದಿನ ಮೊದಲು, ಜೊತೆಗೆ ಲೆಕ್ಕದ ಪುಸ್ತಕ

ಸಣ್ಣ ಕಾಲೇಜಿಗೆ ನಾನು ಹೇಳುವುದು ಇದನ್ನೇ. ಕ್ಯಾಲೆಂಡರ್ ಕ್ರಮ ಬಿಟ್ಟು, ಜನ ಕಡಿಮೆ ಇರುವ ದಿನದಿಂದ ತುಂಬುತ್ತಾ ಬರುವುದು. ಪ್ರತಿ ದಿನವೂ ಅಲ್ಲಿಯವರೆಗೆ ಕಡಿಮೆ ಡ್ಯೂಟಿ ಆದವರಿಗೆ ಮೊದಲು ಕೊಡುವುದು. ಇಬ್ಬರದೂ ಸಮ ಇದ್ದರೆ ವಾರದಲ್ಲಿ ಕಡಿಮೆ ದಿನ ಸಿಗುವವರಿಗೆ ಮೊದಲು, ಯಾಕೆಂದರೆ ಅವರನ್ನು ಬಿಟ್ಟರೆ ಮತ್ತೆ ಸಿಗಲಿಕ್ಕಿಲ್ಲ. ಇದಕ್ಕೆ ಒಂದೇ ವಿನಾಯಿತಿ: ವಾರದಲ್ಲಿ ಎರಡೇ ದಿನ ಸಿಗುವವರಿಗೆ ಆ ಎರಡೂ ದಿನ ಮೊದಲೇ ಕೊಟ್ಟುಬಿಡುವುದು.

ನಮ್ಮ ವಾರದ ಮೇಲೆ ಮಾಡಿ ನೋಡೋಣ. ಶನಿವಾರ ಮೊದಲು: ಇಂಗ್ಲಿಷ್, ಪೊಲಿಟಿಕಲ್ ಸೈನ್ಸ್, ಬಿಸಿನೆಸ್ ಸ್ಟಡೀಸ್. ಯೋಚನೆ ಮಾಡುವಂಥದ್ದೇನಿಲ್ಲ. ಆಮೇಲೆ ನಾಲ್ಕು ಜನರ ದಿನಗಳು. ಶುಕ್ರವಾರ ಕನ್ನಡ ಮತ್ತು ಇಂಗ್ಲಿಷ್, ಅವರಿಗೆ ವಾರದಲ್ಲಿ ಎರಡೇ ದಿನ ಇರುವುದು, ಹಾಗಾಗಿ ಎರಡೂ ಬಳಸಲೇಬೇಕು. ಇಂಗ್ಲಿಷಿನವರಿಗೆ ಶನಿವಾರದ್ದು ಒಂದು ಆಗಿದ್ದರೂ ಶುಕ್ರವಾರ ಬಿಟ್ಟರೆ ಎರಡನೆಯದು ಸಿಗುವುದೇ ಇಲ್ಲ. ಮೂರನೆಯ ಜಾಗಕ್ಕೆ ಸೋಷಿಯಾಲಜಿಗಿಂತ ಅಕೌಂಟ್ಸ್, ಅವರು ಸಿಗುವುದು ಒಂದು ದಿನ ಕಡಿಮೆ. ಬುಧವಾರ ಕನ್ನಡ, ಇನ್ನೂ ಒಂದೂ ಆಗದ ಎಕನಾಮಿಕ್ಸ್, ಮತ್ತೆ ಅಕೌಂಟ್ಸ್. ಗುರುವಾರ ಹಿಸ್ಟರಿ, ಸೋಷಿಯಾಲಜಿ ಇಬ್ಬರದೂ ಸೊನ್ನೆ, ಅವರ ಜೊತೆ ಒಂದು ಆಗಿರುವ ಪೊಲಿಟಿಕಲ್ ಸೈನ್ಸ್.

ಈಗ ಉಳಿದದ್ದು ಐದೈದು ಜನ ಸಿಗುವ ಸೋಮವಾರ, ಮಂಗಳವಾರ. ಸಡಿಲು ಇರುವುದು ಇಲ್ಲೇ, ಅದನ್ನು ಸಮ ಮಾಡಲು ಉಳಿಸಿಕೊಂಡದ್ದು. ಸೋಮವಾರ ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್. ಮಂಗಳವಾರ ಸೋಷಿಯಾಲಜಿ ಬರಬೇಕು, ಅವರದ್ದು ಇನ್ನೂ ಒಂದು. ಆಮೇಲೆ ಎರಡು ಜಾಗ ಉಳಿಯುತ್ತದೆ, ಅಷ್ಟೊತ್ತಿಗೆ ಎಲ್ಲರದ್ದೂ ಎರಡೆರಡು ಆಗಿದೆ. ಈ ಎರಡು ಜಾಗವೇ ಮೂರನೆಯ ಡ್ಯೂಟಿ. ಯಾರಿಗೆ ಕೊಡಬೇಕು ಅನ್ನುವುದನ್ನು ಕಳೆದ ಟೆಸ್ಟಿನ ಪುಸ್ತಕ ನೋಡಿ ತೀರ್ಮಾನಿಸಿ. ಆಗ ಹಿಸ್ಟರಿ, ಬಿಸಿನೆಸ್ ಸ್ಟಡೀಸ್‌ನವರಿಗೆ ಕಡಿಮೆ ಆಗಿತ್ತು ಅಂದುಕೊಂಡು ಅವರಿಗೇ ಕೊಟ್ಟೆವು.

ಫಲ: ಹಿಸ್ಟರಿ ಮೂರು, ಬಿಸಿನೆಸ್ ಸ್ಟಡೀಸ್ ಮೂರು, ಉಳಿದ ಆರು ಜನಕ್ಕೂ ಎರಡೆರಡು. ಪಾಠ ಒಂದೂ ಹೋಗಿಲ್ಲ. ಅದೇ ಜನ, ಅದೇ ಟೈಂಟೇಬಲ್, ತುಂಬುವ ಕ್ರಮ ಮಾತ್ರ ಬೇರೆ.

ಇನ್ನು ಮಳೆ. ಬುಧವಾರ ರಜೆ ಘೋಷಣೆ ಆಯಿತು, ಹಿಸ್ಟರಿ ಟೆಸ್ಟ್ ಮುಂದಿನ ಸೋಮವಾರಕ್ಕೆ ಹೋಯಿತು. ಬುಧವಾರದ ಮೂವರನ್ನು ಹಾಗೇ ಎತ್ತಿ ಸೋಮವಾರಕ್ಕೆ ಇಡುವುದು ಎಲ್ಲರೂ ಮಾಡುವ ತಪ್ಪು. ಟೆಸ್ಟ್ ಬುಧವಾರದ್ದು ನಿಜ, ಆದರೆ ಪಾಠ ಸೋಮವಾರದ್ದು. ಸೋಮವಾರದ ಟೈಂಟೇಬಲ್‌ನಲ್ಲಿ ಕನ್ನಡ, ಅಕೌಂಟ್ಸ್ ಇಬ್ಬರಿಗೂ ಕ್ಲಾಸ್ ಇದೆ. ಎಕನಾಮಿಕ್ಸ್‌ನವರು ಉಳಿಯುತ್ತಾರೆ, ಇನ್ನಿಬ್ಬರು ಬೇಕು. ಸಿಗುವವರು ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ, ಬಿಸಿನೆಸ್ ಸ್ಟಡೀಸ್. ಕೊನೆಯವರದ್ದು ಆಗಲೇ ಮೂರು, ಹಾಗಾಗಿ ಮೊದಲಿಬ್ಬರು. ಉಳಿದ ಐದು ದಿನದ ಚಾರ್ಟ್ ಮುಟ್ಟಬೇಕಾಗಿಲ್ಲ. ಆದರೆ ಕನ್ನಡ, ಅಕೌಂಟ್ಸ್ ಈಗ ಒಂದೊಂದಕ್ಕೆ ಇಳಿದರು, ಪೊಲಿಟಿಕಲ್ ಸೈನ್ಸ್, ಸೋಷಿಯಾಲಜಿ ಮೂರಕ್ಕೆ ಹತ್ತಿದರು, ಮೂರು ಆದವರು ಒಟ್ಟು ನಾಲ್ಕು ಜನ. ಅಂತರ ಎರಡಾಯಿತು. ಈ ವಾರ ಅದನ್ನು ಸರಿಮಾಡಲು ಆಗುವುದಿಲ್ಲ, ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ಟೆಸ್ಟಿಗೆ ಒಯ್ಯಬೇಕು.

ಆ ಪುಸ್ತಕಕ್ಕೆ ಒಂದೇ ನಿಯಮ: ಚಾರ್ಟಿನಲ್ಲಿ ಯಾರ ಹೆಸರಿದೆ ಅಂತಲ್ಲ, ಕೋಣೆಯಲ್ಲಿ ಯಾರು ನಿಂತರು ಅಂತ ಬರೆಯಬೇಕು. ಇಬ್ಬರು ತಮ್ಮೊಳಗೆ ಬದಲಿಸಿಕೊಂಡರೆ ತಕರಾರಿಲ್ಲ, ಲೆಕ್ಕ ನಿಂತವರ ಹೆಸರಿಗೆ. ಸಿಎಲ್ ಹಾಕಿದವರ ಬದಲು ಬಂದವರಿಗೂ ಹಾಗೇ. ರಿಲೀವರ್ ಇಡುವ ಕಾಲೇಜಾದರೆ ಆ ಕೆಲಸಕ್ಕೆ ಅರ್ಧ ಡ್ಯೂಟಿ ಅಂತ ಮೊದಲೇ ಮೀಟಿಂಗಿನಲ್ಲಿ ಒಪ್ಪಿಕೊಂಡುಬಿಡಿ.

ಶೀಟ್‌ನಲ್ಲಿ ಮಾಡುವುದಾದರೆ

ಇದೇ ಕೆಲಸ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ಇನ್ನೂ ಸಲೀಸು. A ಕಾಲಂನಲ್ಲಿ 2ರಿಂದ 9ನೇ ಸಾಲಿನವರೆಗೆ ಹೆಸರು, B ಇಂದ G ವರೆಗೆ ಆರು ದಿನ. ಸಿಗದ ಜಾಗದಲ್ಲೆಲ್ಲ ಮೊದಲೇ X ಹಾಕಿ. ಡ್ಯೂಟಿ ಕೊಟ್ಟಲ್ಲಿ 1.

```
H2   =COUNTIF(B2:G2,1)
B10  =COUNTBLANK(B2:B9)
B11  =COUNTIF(B2:B9,1)
```

H2ರಲ್ಲಿರುವುದನ್ನು H9ವರೆಗೆ ಕೆಳಗೆ ಎಳೆಯಿರಿ, B10, B11ರಲ್ಲಿರುವುದನ್ನು G ಕಾಲಂವರೆಗೆ ಪಕ್ಕಕ್ಕೆ ಎಳೆಯಿರಿ. H ಕಾಲಂ ಒಬ್ಬೊಬ್ಬರ ಮೊತ್ತ. 10ನೇ ಸಾಲು ಆ ದಿನ ಇನ್ನೂ ಎಷ್ಟು ಜನ ಸಿಗುತ್ತಾರೆ ಅನ್ನುತ್ತದೆ, 11ನೇ ಸಾಲು ಎಷ್ಟು ಕೋಣೆ ತುಂಬಿತು ಅನ್ನುತ್ತದೆ. 1 ಹಾಕುವ ಮೊದಲು 10ನೇ ಸಾಲಿನಲ್ಲಿ ಅತಿ ಕಡಿಮೆ ಸಂಖ್ಯೆ ಯಾವ ದಿನದ್ದೋ ಅಲ್ಲಿಂದ ಶುರು ಮಾಡಿ. ತುಂಬಿದ ಮೇಲೆ ಅದೇ ಸಾಲಿನಲ್ಲಿ ಸೊನ್ನೆ ಉಳಿದ ದಿನ ಇದ್ದರೆ ಅವತ್ತು ಮೀಸಲು ಯಾರೂ ಇಲ್ಲ ಎಂದರ್ಥ. ನಮ್ಮ ಶನಿವಾರ ಹಾಗೇ. ಅವತ್ತು ಒಬ್ಬರಿಗೆ ಜ್ವರ ಬಂದರೆ ಏನು ಅಂತ ಮೊದಲೇ ಯೋಚಿಸಿ: ಬೆಳಗಿನ ಒಂದು ಪೀರಿಯಡ್ ಮಾತ್ರ ಪಾಠ ಇರುವವರ ಜೊತೆ ಮಾತಾಡಿ, ಅದನ್ನು ಮಧ್ಯಾಹ್ನಕ್ಕೆ ಸರಿಸಲು ಆಗುತ್ತಾ ಕೇಳಿಟ್ಟುಕೊಳ್ಳಿ. ಶನಿವಾರ ಅರ್ಧ ದಿನವಾದರೆ ಅದೂ ಆಗುವುದಿಲ್ಲ, ಆಗ ಪ್ರಾಂಶುಪಾಲರೇ ಒಂದು ಕೋಣೆಗೆ ಬರಬೇಕಾದೀತು.

ದಾರಿ ಐದು: ಕಂಪ್ಯೂಟರಿಗೆ ಬಿಡುವುದು

ಎಕ್ಸೆಲ್ ಒಳಗೇ ಸಾಲ್ವರ್ ಅಂತ ಇದೆ, ಆಡ್-ಇನ್ ಆಗಿ ಆನ್ ಮಾಡಿಕೊಳ್ಳಬೇಕು. ಪ್ರತಿ ಚೌಕದಲ್ಲಿ 0 ಅಥವಾ 1 ಮಾತ್ರ, ಪ್ರತಿ ದಿನದ ಮೊತ್ತ 3, ಪ್ರತಿಯೊಬ್ಬರ ಮೊತ್ತ 2ಕ್ಕಿಂತ ಕಡಿಮೆಯೂ ಇಲ್ಲ, 3ಕ್ಕಿಂತ ಜಾಸ್ತಿಯೂ ಇಲ್ಲ, ಸಿಗದ ಚೌಕ 0. ಇಷ್ಟು ಷರತ್ತು ಕೊಟ್ಟರೆ ಅದೇ ಹುಡುಕಿ ಕೊಡುತ್ತದೆ.

ನಮ್ಮ ಎಂಟು ಜನ, ಆರು ದಿನಕ್ಕೆ 48 ಚೌಕ. ಇದಕ್ಕೆ ಸಾಲ್ವರ್ ಬೇಕಿಲ್ಲ, ಕೈಯಲ್ಲೇ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಶಿವಮೊಗ್ಗ ಪೇಟೆಯ ದೊಡ್ಡ ಕಾಲೇಜಿನಲ್ಲಿ 30 ಜನ, ಬೆಳಗ್ಗೆ ಮಧ್ಯಾಹ್ನ ಸೇರಿ 12 ಸೆಷನ್ ಇದ್ದರೆ 360 ಚೌಕ. ಅಲ್ಲಿ ಕೈಲೆಕ್ಕ ನಿಜಕ್ಕೂ ಕಷ್ಟ. ಆದರೆ ಎಕ್ಸೆಲ್ ಜೊತೆ ಬರುವ ಸಾಲ್ವರ್ 200 ಚೌಕಕ್ಕಿಂತ ಹೆಚ್ಚು ಬದಲಿಸಲು ಬಿಡುವುದಿಲ್ಲ. ಆಗ ಉಚಿತವಾಗಿ ಸಿಗುವ ಓಪನ್‌ಸಾಲ್ವರ್ ಹಾಕಿಕೊಳ್ಳಬಹುದು, ಅದಕ್ಕೆ ಈ ಮಿತಿ ಇಲ್ಲ.

ಇದರ ಕೊರತೆ ಬೇರೆ ರೀತಿಯದು. ಉತ್ತರ ಇಲ್ಲದಿದ್ದರೆ ಇಲ್ಲ ಅನ್ನುತ್ತದೆ, ಯಾವ ದಿನ ಯಾರಿಂದ ಸಿಕ್ಕಿಬಿತ್ತು ಅಂತ ತಾನಾಗಿ ಬಿಡಿಸಿ ಹೇಳುವುದಿಲ್ಲ. ವಾರಕ್ಕೆ ಒಂದೇ ದಿನ ಬೆಳಗ್ಗೆ ಸಿಗುವ ಅತಿಥಿ ಉಪನ್ಯಾಸಕರು ಒಬ್ಬರಿದ್ದು, ನೀವು ಎಲ್ಲರಿಗೂ ಕನಿಷ್ಠ ಎರಡು ಅಂತ ಷರತ್ತು ಹಾಕಿದ್ದರೆ ಅಲ್ಲೇ ನಿಲ್ಲುತ್ತದೆ. ಮತ್ತೆ ನೀವೇ ಸಿಗುವವರ ಪಟ್ಟಿ ನೋಡಿ ಹುಡುಕಬೇಕು. ಇನ್ನೊಂದು, ಮಳೆ ರಜೆಯ ನಂತರ ಸುಮ್ನೆ ಮತ್ತೆ ಓಡಿಸಿದರೆ ಅದು ಮುಂದಿನ ದಿನಗಳನ್ನೆಲ್ಲ ಕಲಸಿ ಹೊಸ ಚಾರ್ಟ್ ಕೊಡಬಹುದು. ಜನ ಆಗಲೇ ಡ್ಯೂಟಿ ನೋಡಿಕೊಂಡು ತಮ್ಮ ಕೆಲಸ ಹೊಂದಿಸಿಕೊಂಡಿರುತ್ತಾರೆ. ಹಾಗಾಗಿ ಬದಲಾಗಬಾರದ ದಿನಗಳ ಚೌಕವನ್ನು ಗಟ್ಟಿ ಮಾಡಿ ಆಮೇಲೆ ಓಡಿಸಿ. ಸ್ಟಾಫ್‌ನಲ್ಲಿ ಇದನ್ನು ಬಲ್ಲವರು ಒಬ್ಬರೇ ಇದ್ದು ಅವರಿಗೇ ವರ್ಗವಾದರೆ ಏನು ಅನ್ನುವುದನ್ನೂ ಯೋಚಿಸಿ.

ನಿಮಗೆ ಯಾವುದು

ಹತ್ತು ಹನ್ನೆರಡು ಜನರೊಳಗಿನ ಕಾಲೇಜಾದರೆ ನಾಲ್ಕನೆಯ ದಾರಿ, ಕಾಗದದ ಮೇಲೇ ಸಾಕು. ಗೋಡೆಗೆ ಅಂಟಿಸಿದರೆ ಯಾರು ಬೇಕಾದರೂ ಎಣಿಸಿ ನೋಡಬಹುದು, ಅದರಿಂದಲೇ ಅರ್ಧ ಜಗಳ ತಪ್ಪುತ್ತದೆ. 25 ಜನರವರೆಗೆ ಅದೇ ದಾರಿಯನ್ನು ಶೀಟ್‌ನಲ್ಲಿ ಮಾಡಿ. ಅದಕ್ಕೂ ಹೆಚ್ಚು ಜನ, ದಿನಕ್ಕೆ ಎರಡು ಸೆಷನ್ ಇದ್ದರೆ ಸಾಲ್ವರ್ ಕಲಿಯುವ ಶ್ರಮ ಸಾರ್ಥಕ.

ಪಾಠದ ಹೊರೆಯೇ ತುಂಬಾ ಏರುಪೇರು ಇದ್ದರೆ, ಅಂದರೆ ಒಬ್ಬರಿಗೆ ವಾರಕ್ಕೆ 10 ಪೀರಿಯಡ್, ಇನ್ನೊಬ್ಬರಿಗೆ 20 ಅನ್ನುವ ಹಾಗಿದ್ದರೆ, ಮೂರನೆಯ ಡ್ಯೂಟಿ ಕಡಿಮೆ ಪಾಠ ಇರುವವರಿಗೆ ಹೋಗಲಿ. ಅದಕ್ಕಿಂತ ಮುಂದೆ ಹೋಗಿ ಅಂಕ, ತೂಕ ಅಂತ ಲೆಕ್ಕ ಬೆಳೆಸಬೇಡಿ. ಎಣಿಸಿ ಅರ್ಥವಾಗದ ಲೆಕ್ಕವನ್ನು ಯಾರೂ ನಂಬುವುದಿಲ್ಲ.

ಕನ್ನಡ, ಇಂಗ್ಲಿಷ್‌ನವರ ಸಮಸ್ಯೆ ಮಾತ್ರ ಯಾವ ದಾರಿಯಿಂದಲೂ ಪೂರ್ತಿ ಬಗೆಹರಿಯುವುದಿಲ್ಲ. ಅವರಿಗೆ ಬೆಳಗಿನ ಪೀರಿಯಡ್ ಜಾಸ್ತಿ, ಹಾಗಾಗಿ ಬೆಳಗಿನ ಟೆಸ್ಟಿಗೆ ಎಂದೂ ಕಡಿಮೆಯೇ ಸಿಗುತ್ತಾರೆ. ಪ್ರತಿ ಟೆಸ್ಟೂ 10ಕ್ಕೇ ಇಟ್ಟರೆ ಮೂರನೆಯ ಡ್ಯೂಟಿ ವರ್ಷವಿಡೀ ಉಳಿದವರ ಮೇಲೇ ಬೀಳುತ್ತದೆ. ಮುಂದಿನ ಟೆಸ್ಟನ್ನು ಮಧ್ಯಾಹ್ನದ ಎರಡು ಪೀರಿಯಡ್‌ಗೆ ಇಟ್ಟು ನೋಡಿ, ಸಿಗುವವರ ಪಟ್ಟಿಯೇ ಬೇರೆ ಬರುತ್ತದೆ, ಹಿಂದಿನ ಬಾಕಿ ತೀರಿಸಲು ಜಾಗವೂ ಸಿಗುತ್ತದೆ. ಇದಕ್ಕೆ ಒಂದು ತಡೆ ಬಸ್ಸು. ಟೆಸ್ಟ್ ಮುಗಿಯುವ ಹೊತ್ತಿಗೂ ಒಳಹಳ್ಳಿಯ ಸಂಜೆ ಬಸ್ಸು ಹೊರಡುವ ಹೊತ್ತಿಗೂ ಕನಿಷ್ಠ ಅರ್ಧ ಗಂಟೆ ಇದ್ದರೆ ಮಾತ್ರ ಮಧ್ಯಾಹ್ನಕ್ಕೆ ಇಡಿ. ಇಲ್ಲವಾದರೆ ಬೆಳಗ್ಗೆಯೇ ಇರಲಿ, ಆ ವಾರದ ಮಟ್ಟಿಗೆ ಕನ್ನಡದ ಒಂದು, ಇಂಗ್ಲಿಷಿನ ಒಂದು ಬೆಳಗಿನ ಪೀರಿಯಡ್‌ಅನ್ನು ಮಧ್ಯಾಹ್ನದ ಬೇರೆ ವಿಷಯದ ಜೊತೆ ಬದಲಿಸಿಕೊಳ್ಳಿ. ಅದು ಅವತ್ತು ಅವರಿಗಿರುವ ಒಂದೇ ಬೆಳಗಿನ ಪೀರಿಯಡ್ ಆಗಿರಬೇಕು, ಎರಡಿದ್ದ ದಿನ ಒಂದನ್ನು ಸರಿಸಿ ಪ್ರಯೋಜನವಿಲ್ಲ.